ಕಾಣುವ ಇಟ್ಟಂಗಿ, ಕಾಣದ ಇಟ್ಟಂಗಿ

ಸಗರನಾಡಿನ ಹಳ್ಳಿಗಳಲ್ಲಿ ಹಳೆಯ ಮನೆ ಎಂದರೆ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಲ್ಲಿಗೆ ಇಲ್ಲಿ ಬರವಿಲ್ಲ. ಶಹಾಪುರ, ಸುರಪುರದ ಬೆಟ್ಟಸಾಲುಗಳನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಈಗ ಕಟ್ಟುವ ಮನೆಗಳಿಗೆ ಇಟ್ಟಂಗಿಯೇ ಬೇಕು. ಭಟ್ಟಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಇಟ್ಟಂಗಿ ಮನೆಯ ಮುಂದಿನ ಬಯಲಿನಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಹಣ ಕೊಡಬೇಕಾದ ಮಗ ಮಾತ್ರ ಊರಿನಲ್ಲಿರುವುದಿಲ್ಲ. ಅವನು ಬೆಂಗಳೂರಿನಲ್ಲೋ ಪುಣೆಯಲ್ಲೋ ಯಾರದೋ ಕಟ್ಟಡ ಕಟ್ಟುತ್ತಿರುತ್ತಾನೆ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಂಜೆ ಹೊತ್ತಿಗೆ ಅಪ್ಪನ ಫೋನು ಬರುತ್ತದೆ. ‘ಎರಡ ಸಾವಿರ ಅಂತ ಇಳಿಸಿ ಹೋಗ್ಯಾರಪಾ. ಫೋಟೊ ಕಳಸೀನಿ. ಎಣಿಸಿ ನೋಡಿ ರೊಕ್ಕ ಹಾಕು.’ ಮಗ ಫೋಟೊ ತೆರೆದು ನೋಡುತ್ತಾನೆ. ಅಚ್ಚುಕಟ್ಟಾಗಿ ಪೇರಿಸಿದ ಕೆಂಪು ರಾಶಿ. ಎದುರಿನ ಇಟ್ಟಂಗಿಗಳು ಒಂದೊಂದಾಗಿ ಕಾಣುತ್ತವೆ, ಅವನ್ನು ಎಣಿಸಬಹುದು. ಅವುಗಳ ಹಿಂದೆ ಇರುವುದನ್ನು ಎಣಿಸುವುದು ಹೇಗೆ? ಕಾಣುವುದಕ್ಕೆ ಮಾತ್ರ ಹಣ ಕೊಟ್ಟರೆ ಭಟ್ಟಿಯವನಿಗೆ ಮೋಸ, ಕಾಣದ್ದನ್ನೆಲ್ಲ ನಂಬಿ ಕೊಟ್ಟರೆ ಅಪ್ಪನ ಮನೆಗೆ ಮೋಸ.

ಮೂರು ಸಂಖ್ಯೆಗಳ ಲೆಕ್ಕ

ಇಟ್ಟಂಗಿಯನ್ನು ಹೇಗೆ ಪೇರಿಸಬೇಕು ಎನ್ನುವುದಕ್ಕೂ ಒಂದು ಕ್ರಮವಿದೆ. ಕಟ್ಟಡದ ಸಾಮಾನುಗಳನ್ನು ಕೆಲಸದ ಜಾಗದಲ್ಲಿ ಇಡುವ ಬಗೆಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 4082 ಎಂಬ ಸಂಹಿತೆ ಇದೆ. ಅದರ ಪ್ರಕಾರ ಒಂದು ಅಟ್ಟಿಯ ಉದ್ದ 50 ಇಟ್ಟಂಗಿ, ಎತ್ತರ 10 ಇಟ್ಟಂಗಿ, ಅಗಲ 4 ಇಟ್ಟಂಗಿಗೆ ಮೀರಬಾರದು. ಇಟ್ಟಂಗಿಗಳನ್ನು ಚಪ್ಪಟೆಯಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಇಡಬೇಕು. 50ನ್ನು 10ರಿಂದ, ಅದನ್ನು 4ರಿಂದ ಗುಣಿಸಿದರೆ 2000. ಹೀಗೆ ಜೋಡಿಸಿದ ಅಟ್ಟಿಯನ್ನು ಕಂಡ ಎಂಜಿನಿಯರ್ ಇಟ್ಟಂಗಿಯನ್ನು ಒಂದೊಂದಾಗಿ ಎಣಿಸುವುದಿಲ್ಲ, ಅಟ್ಟಿಗಳನ್ನು ಎಣಿಸುತ್ತಾನೆ.

ಮಗನಿಗೆ ಬಂದ ಫೋಟೊದಲ್ಲಿ ಇರುವುದು ಇಂಥದೇ ಅಟ್ಟಿ ಎಂದಿಟ್ಟುಕೊಳ್ಳೋಣ. ಇಟ್ಟಂಗಿಯ ಅಳತೆ 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ. ಅಂಚಿನ ಮೇಲೆ ನಿಲ್ಲಿಸಿದಾಗ ಎದುರಿನಿಂದ ಕಾಣುವುದು ಇಟ್ಟಂಗಿಯ ತಲೆ ಮಾತ್ರ: 3 ಇಂಚು ಅಗಲ, ನಾಲ್ಕೂವರೆ ಇಂಚು ಎತ್ತರ. ಅಟ್ಟಿಯ ತುದಿಯಲ್ಲಿ ನಿಂತು ನೋಡಿದರೆ 9 ಇಂಚಿನ ಮೈ ಕಾಣುತ್ತದೆ. ಅಂಥ ನಾಲ್ಕು ಮೈಗಳು ಸೇರಿ ಅಟ್ಟಿಯ 3 ಅಡಿ ಅಗಲ. 50 ಇಟ್ಟಂಗಿಯ ದಪ್ಪ ಸೇರಿ ಹನ್ನೆರಡೂವರೆ ಅಡಿ ಉದ್ದ. 10 ವರಸೆ ಸೇರಿ ಮೂರೂಮುಕ್ಕಾಲು ಅಡಿ ಎತ್ತರ. ಇಟ್ಟಂಗಿಗಳ ನಡುವೆ ಸಂದಿ ಉಳಿಯುವುದರಿಂದ ನಿಜವಾದ ಅಟ್ಟಿ ಇದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇರುತ್ತದೆ.

ಫೋಟೊ ಎಣಿಕೆಗೆ ಬೇಕಾದದ್ದು ಇಷ್ಟೇ, ಮೂರು ಸಂಖ್ಯೆಗಳು: ಉದ್ದಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು, ಅಗಲಕ್ಕೆ ಎಷ್ಟು. ಮೂರನೆಯದು ಎದುರಿನ ಫೋಟೊದಲ್ಲಿ ಎಂದೂ ಸಿಗುವುದಿಲ್ಲ. ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ 500 ತಲೆಗಳು ಕಾಣುತ್ತವೆ. ಹಿಂದೆ ಒಂದೇ ಸಾಲಿದ್ದರೂ ಅದೇ ಚಿತ್ರ, ನಾಲ್ಕಿದ್ದರೂ ಅದೇ ಚಿತ್ರ. ಇಂಥ ಚಿತ್ರ ನೋಡಿ ಹಣ ಹಾಕುವವನು 500ಕ್ಕೂ 2000ಕ್ಕೂ ವ್ಯತ್ಯಾಸ ತಿಳಿಯದೆಯೇ ಹಾಕಿದಂತೆ. ಆದ್ದರಿಂದ ಫೋಟೊವನ್ನು ಅಟ್ಟಿಯ ಮೂಲೆಯಲ್ಲಿ ನಿಂತು, ಸ್ವಲ್ಪ ಎತ್ತರದಿಂದ ತೆಗೆಯಬೇಕು. ಆಗ ಎದುರು, ಒಂದು ತುದಿ, ಮೇಲ್ಭಾಗ ಮೂರೂ ಒಟ್ಟಿಗೆ ಕಾಣುತ್ತವೆ, ಮೂರು ಸಂಖ್ಯೆಗಳೂ ಸಿಗುತ್ತವೆ.

ಎಣಿಸುವಾಗ ಒಂದು ಎಚ್ಚರ ಬೇಕು. ಉದ್ದದಲ್ಲಿ ಒಂದು ಇಟ್ಟಂಗಿ ತಪ್ಪಿದರೆ ಒಟ್ಟು ಲೆಕ್ಕದಲ್ಲಿ 40 ಏರುಪೇರಾಗುತ್ತದೆ. ಎತ್ತರದಲ್ಲಿ ಒಂದು ವರಸೆ ತಪ್ಪಿದರೆ 200. ಅಗಲದಲ್ಲಿ ಒಂದು ಸಾಲು ತಪ್ಪಿದರೆ 500. ದೊಡ್ಡ ಸಂಖ್ಯೆಯನ್ನು ಎಲ್ಲರೂ ಹುಷಾರಾಗಿ ಎಣಿಸುತ್ತಾರೆ, ನಾಲ್ಕೇ ನಾಲ್ಕನ್ನು ಕಣ್ಣಂದಾಜಿಗೆ ಬಿಡುತ್ತಾರೆ. ಆಗಬೇಕಾದದ್ದು ಇದಕ್ಕೆ ವಿರುದ್ಧ. ಚಿಕ್ಕ ಸಂಖ್ಯೆಯ ತಪ್ಪೇ ದೊಡ್ಡ ನಷ್ಟ.

ಉದ್ದದ ಎಣಿಕೆಗೂ ಫೋಟೊ ಒಂದು ತೊಡಕು ತರುತ್ತದೆ. ಹತ್ತಿರದ ಇಟ್ಟಂಗಿ ದೊಡ್ಡದಾಗಿ ಕಾಣುತ್ತದೆ, ದೂರ ಹೋದಂತೆ ಚಿಕ್ಕದಾಗುತ್ತದೆ. ಕೊನೆಯ ಹತ್ತು ಹದಿನೈದು ಇಟ್ಟಂಗಿಗಳ ಸಂದಿಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಹತ್ತಿರದ ಹತ್ತು ಇಟ್ಟಂಗಿ ಫೋಟೊದಲ್ಲಿ ಎಷ್ಟು ಜಾಗ ಹಿಡಿದಿವೆ ಎಂದು ನೋಡಿ ಅದೇ ಪ್ರಮಾಣದಲ್ಲಿ ಉಳಿದದ್ದನ್ನು ಲೆಕ್ಕ ಹಾಕಿದವನಿಗೆ ಇಟ್ಟಂಗಿ ಕಡಿಮೆಯೇ ಸಿಗುತ್ತದೆ. ಇದಕ್ಕೆ ಪರಿಹಾರ ಸುಲಭ. ಫೋಟೊ ತೆಗೆಯುವ ಮೊದಲು ಎದುರಿನ ಒಂದು ವರಸೆಯಲ್ಲಿ ಪ್ರತಿ ಹತ್ತನೆಯ ಇಟ್ಟಂಗಿಯ ತಲೆಗೆ ಸುಣ್ಣದ ಕಡ್ಡಿಯಿಂದ ಒಂದು ಗೀಟು ಎಳೆಯಬೇಕು. ಐದು ಗೀಟು ಕಂಡರೆ 50. ಎಷ್ಟು ದೂರದಿಂದ ತೆಗೆದರೂ ಬಿಳಿ ಗೀಟು ಅಳಿಸುವುದಿಲ್ಲ.

ಮೂರರಲ್ಲಿ ಎರಡು ಪಾಲು ಕಾಣುವುದಿಲ್ಲ

ಈಗ ಮಗನ ಬಳಿ ಮೂಲೆಯಿಂದ ತೆಗೆದ ಫೋಟೊ ಇದೆ. 50, 10, 4. ಗುಣಿಸಿದರೆ 2000. ಲೆಕ್ಕ ಮುಗಿಯಿತೆ?

ಆ ಫೋಟೊದಲ್ಲಿ ನಿಜವಾಗಿ ಎಷ್ಟು ಇಟ್ಟಂಗಿ ಕಾಣುತ್ತಿವೆ ಎಂದು ಒಮ್ಮೆ ನೋಡಬೇಕು. ಎದುರಿನ ಸಾಲಿನಲ್ಲಿ 500. ತುದಿಯಲ್ಲಿ ಪ್ರತಿ ವರಸೆಗೆ ನಾಲ್ಕು ಇವೆ, ಅವುಗಳಲ್ಲಿ ಮೂಲೆಯ ಒಂದನ್ನು ಆಗಲೇ ಎಣಿಸಿ ಆಗಿದೆ. ಉಳಿದ ಮೂರರಂತೆ 30. ಮೇಲ್ಭಾಗದಲ್ಲಿ ಹಿಂದಿನ ಮೂರು ಸಾಲು, ತುದಿಯದನ್ನು ಬಿಟ್ಟು 49ರಂತೆ 147. ಒಟ್ಟು 677. ಉಳಿದ 1323 ಇಟ್ಟಂಗಿಗಳನ್ನು ಮಗ ನೋಡಿಲ್ಲ. ಗುಣಾಕಾರದ ಮೂಲಕ ನಂಬಿದ್ದಾನೆ ಅಷ್ಟೆ. ಮೂರರಲ್ಲಿ ಸುಮಾರು ಎರಡು ಪಾಲು ನಂಬಿಕೆ, ಒಂದು ಪಾಲು ಸಾಕ್ಷಿ.

ಎದುರಿನ ಮೂಲೆಗೆ ಹೋಗಿ ಇನ್ನೊಂದು ಫೋಟೊ ತೆಗೆಸಿದರೆ ಹಿಂದಿನ ಮೈ, ಇನ್ನೊಂದು ತುದಿ ಕೂಡ ಕಾಣುತ್ತವೆ. ಗೋಡೆಗೆ ಒತ್ತಿ ಪೇರಿಸಿ, ಹಿಂದುಗಡೆ ಮೆಟ್ಟಿಲಿನಂತೆ ಇಳಿಸಿಬಿಟ್ಟಿದ್ದರೆ ಅದು ಈ ಎರಡನೆಯ ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಅಟ್ಟಿಯನ್ನು ಗೋಡೆಗೆ ಒತ್ತಿ ಇಳಿಸುವುದು ಬೇಡ, ಸುತ್ತ ತಿರುಗಾಡಲು ಜಾಗ ಬಿಡಿ ಎಂದು ಗೌಂಡಿಗಳು ಹೇಳುವುದು ಇದಕ್ಕೇ. ಆದರೆ ನಾಲ್ಕೂ ಮೈ, ಮೇಲ್ಭಾಗ ಎಲ್ಲ ಕಂಡ ಮೇಲೂ ಹೊಟ್ಟೆಯೊಳಗಿನ 864 ಇಟ್ಟಂಗಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ನಡುವಿನ ಎರಡು ಸಾಲು, ತುದಿಗಳನ್ನು ಬಿಟ್ಟು 48, ಮೇಲಿನ ವರಸೆ ಬಿಟ್ಟು 9. ಇವನ್ನು ಗುಣಿಸಿದರೆ ಬರುವುದೇ ಆ 864.

ಹಾಗಾದರೆ ಹೊಟ್ಟೆ ಪೂರ್ತಿ ಟೊಳ್ಳಾಗಿರಬಹುದೆ? ಇರಲಾರದು. ಇಲ್ಲಿ ಎಣಿಸುವವನ ನೆರವಿಗೆ ಇಟ್ಟಂಗಿಯ ಭಾರವೇ ಬರುತ್ತದೆ. ಯಾವ ಇಟ್ಟಂಗಿಯೂ ಗಾಳಿಯಲ್ಲಿ ನಿಲ್ಲುವುದಿಲ್ಲ. ನಡುವಿನ ಎರಡು ಸಾಲು ಇಲ್ಲವೆಂದರೆ ಅಲ್ಲಿ ಒಂದೂವರೆ ಅಡಿ ಅಗಲದ ಹೊಂಡ. 9 ಇಂಚಿನ ಇಟ್ಟಂಗಿ ಅದರ ಮೇಲೆ ಸೇತುವೆಯಾಗಲಾರದು. ಮೇಲ್ಭಾಗ ತುಂಬಿ ಕಾಣುತ್ತಿದೆ ಎಂದರೆ ಅದರ ಕೆಳಗೆ ಏನೋ ಒಂದು ಆಧಾರ ಇದ್ದೇ ಇದೆ. ಹೀಗಾಗಿ ಕಾಣದ ಜಾಗದ ಬಗೆಗೂ ನಾವು ಒಂದು ಮಾತು ಖಚಿತವಾಗಿ ಹೇಳಬಹುದು: ಮೇಲಿನದನ್ನು ಹೊರುವಷ್ಟಾದರೂ ಅಲ್ಲಿದೆ.

ಆದರೆ ಹೊರುವಷ್ಟು ಇದ್ದ ಮಾತ್ರಕ್ಕೆ ತುಂಬಿದೆ ಎಂದಲ್ಲ. ಒಳಗಿನ ಎರಡು ಸಾಲುಗಳಲ್ಲಿ ಇಟ್ಟಂಗಿಗಳನ್ನು ಒತ್ತಿ ಇಡದೆ, ನಡುವೆ ಸುಮಾರು ಒಂದೊಂದು ಇಂಚು ಬಿಟ್ಟು ಇಟ್ಟರೆ ಏನಾಗುತ್ತದೆ ನೋಡಿ. 3 ಇಂಚಿನ ಇಟ್ಟಂಗಿ, 1 ಇಂಚು ಸಂದಿ. ಹನ್ನೆರಡೂವರೆ ಅಡಿ ಉದ್ದದಲ್ಲಿ 50ರ ಬದಲು 38 ಹಿಡಿಯುತ್ತವೆ. ಸಾಲಿಗೆ 12, ಎರಡು ಸಾಲಿಗೆ 24 ಕಡಿಮೆ. ಮೇಲಿನ ವರಸೆಯನ್ನು ಮಾತ್ರ ಒತ್ತಾಗಿಟ್ಟರೆ ಕೆಳಗಿನ 9 ವರಸೆಗಳಲ್ಲಿ 216 ಕಡಿಮೆ. ಮೇಲಿನ ಇಟ್ಟಂಗಿಗೆ ಒಂದು ಇಂಚಿನ ಸಂದಿ ಯಾವ ಲೆಕ್ಕವೂ ಅಲ್ಲ, ಅದು ಅಲುಗಾಡದೆ ಕೂರುತ್ತದೆ. ಸುತ್ತ ತಿರುಗಿ ನೋಡಿದರೂ ಅಟ್ಟಿ 2000ದ್ದೇ. ಒಳಗಿರುವುದು 1784. ಇಟ್ಟಂಗಿಗೆ 8 ರೂಪಾಯಿ ಎಂದು ಹಿಡಿದರೆ 1728 ರೂಪಾಯಿ ಕಾಣದ ಸಂದಿಗಳಲ್ಲಿ ಸೋರಿಹೋಯಿತು.

ಇದು ಯಾವಾಗಲೂ ಮೋಸವೇ ಎಂದು ತಿಳಿಯಬೇಕಾಗಿಲ್ಲ. ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಇಳಿಸುವ ಆಳುಗಳು ಹೊರಗಿನ ಸಾಲುಗಳನ್ನು ಬಿಗಿಯಾಗಿ ಕಟ್ಟಿ, ನಡುವೆ ಕೈಗೆ ಬಂದಂತೆ ಇಡುತ್ತಾರೆ. ಒಡೆದ ತುಂಡುಗಳೂ ನಡುವೆಯೇ ಸೇರುತ್ತವೆ. ಕಾರಣ ಯಾವುದಾದರೂ ಫೋಟೊಗೆ ಅದು ತಿಳಿಯದು.

ಹೊಟ್ಟೆ ಬಗೆದು ನೋಡುವುದು

ಹೊರಗಿನ ಫೋಟೊ ಎಷ್ಟು ತೆಗೆದರೂ ಈ 864ರ ಬಗೆಗೆ ಹೊಸದೇನೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಬೇರೆ ದಾರಿ ಹಿಡಿಯಬೇಕು. ಅಂಥವು ಎರಡಿವೆ.

ಮೊದಲನೆಯದು ಅಟ್ಟಿಯನ್ನು ಸ್ವಲ್ಪ ತೆರೆಯುವುದು. ಉದ್ದದ ನಡುಮಧ್ಯದಲ್ಲಿ, ತುದಿಯಲ್ಲಲ್ಲ, ಒಳಗಿನ ಎರಡು ಸಾಲುಗಳ ಮೇಲಿನ ಹತ್ತು ಹನ್ನೆರಡು ಇಟ್ಟಂಗಿಗಳನ್ನು ಎತ್ತಿ ಪಕ್ಕಕ್ಕಿಟ್ಟು ಕೆಳಗೆ ಇಣುಕಬೇಕು. ಒಂದು ಅಡಿ ಉದ್ದದಲ್ಲಿ ನಾಲ್ಕು ಇಟ್ಟಂಗಿ ಒತ್ತಾಗಿ ಕಂಡರೆ ಸರಿ. ಮೂರೇ ಕಂಡರೆ ಒಳಗೆಲ್ಲ ಅದೇ ಲೆಕ್ಕ ಇರುವ ಸಂಭವ ಹೆಚ್ಚು. ಆಗ ಇನ್ನೊಂದು ಕಡೆಯೂ ತೆರೆದು ನೋಡಿ ಖಚಿತ ಮಾಡಿಕೊಳ್ಳಬೇಕು. ಈ ತೆರೆದ ಜಾಗದ ಫೋಟೊಗೆ ಹೊರಗಿನ ಹತ್ತು ಫೋಟೊಗಳಿಗಿಂತ ಬೆಲೆ ಹೆಚ್ಚು.

ಎರಡನೆಯದು ತೂಕ. ಈ ಅಳತೆಯ ಇಟ್ಟಂಗಿ ಸುಮಾರು 3 ಕಿಲೊ ತೂಗುತ್ತದೆ. ಆದರೆ ಭಟ್ಟಿಯಿಂದ ಭಟ್ಟಿಗೆ ಅದು ಬದಲಾಗುತ್ತದೆ. ಆದ್ದರಿಂದ ಅಂಗಡಿಯ ತಕ್ಕಡಿಯಲ್ಲಿ ಹತ್ತು ಇಟ್ಟಂಗಿ ತೂಗಿ, ಬಂದ ತೂಕವನ್ನು ಹತ್ತರಿಂದ ಭಾಗಿಸಬೇಕು. 3 ಕಿಲೊ ಬಂದರೆ 2000 ಇಟ್ಟಂಗಿಗೆ 6 ಟನ್. 216 ಕಡಿಮೆಯಿದ್ದರೆ 648 ಕಿಲೊ ಕಡಿಮೆ. ವೇಬ್ರಿಜ್‌ನ ಚೀಟಿಯಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಅಡಗಲಾರದು. ಮಳೆಯಲ್ಲಿ ನೆನೆದ ಇಟ್ಟಂಗಿ ನೀರು ಕುಡಿದು ಭಾರವಾಗಿರುತ್ತದೆ ಎಂಬುದು ಮಾತ್ರ ನೆನಪಿರಬೇಕು. ತೂಗುವ ಹತ್ತು ಇಟ್ಟಂಗಿಗಳನ್ನೂ ಅದೇ ಗಾಡಿಯಿಂದ, ಅದೇ ದಿನ ತೆಗೆದುಕೊಂಡರೆ ಆ ದೋಷ ತಾನಾಗಿಯೇ ಕಳೆಯುತ್ತದೆ.

ಪೈಪಿನ ರಾಶಿ

ಪೈಪಿನ ಸಂಗತಿ ಬೇರೆ. 2019ರಲ್ಲಿ ಜಲ ಜೀವನ ಮಿಷನ್ ಆರಂಭವಾದ ಮೇಲೆ ಊರೂರಿನ ಅಂಚಿನಲ್ಲಿ ಪೈಪಿನ ರಾಶಿ ಕಾಣುವುದು ರೂಢಿಯಾಯಿತು. ಇಟ್ಟಂಗಿಯ ರಾಶಿಯಲ್ಲಿ ಹೊಟ್ಟೆ ಕಾಣುವುದಿಲ್ಲ. ಪೈಪು ಹಾಗಲ್ಲ, ಅದು ಈ ತುದಿಯಿಂದ ಆ ತುದಿಯವರೆಗೆ ಹಾದುಹೋಗುತ್ತದೆ. ಆದ್ದರಿಂದ ತುದಿಯ ಕಡೆಯಿಂದ ತೆಗೆದ ಒಂದೇ ಫೋಟೊದಲ್ಲಿ ಎಲ್ಲ ಪೈಪುಗಳ ಬಾಯಿಯೂ ಕಾಣುತ್ತದೆ. ಪಕ್ಕದಿಂದ ತೆಗೆದ ಫೋಟೊ ಮಾತ್ರ ಎಣಿಕೆಗೆ ಬಾರದು. ಅದರಲ್ಲಿ ಹೊರಮೈಯ ಪೈಪುಗಳಷ್ಟೇ ಇರುತ್ತವೆ.

ದುಂಡಗಿನ ಪೈಪು ಕೆಳಗಿನ ಎರಡರ ನಡುವಿನ ತಗ್ಗಿನಲ್ಲಿ ಕೂರುತ್ತದೆ. ಹೀಗಾಗಿ ಪಕ್ಕಕ್ಕೆ ಆಸರೆಯಿಲ್ಲದ ರಾಶಿಯಲ್ಲಿ ಒಂದೊಂದು ವರಸೆಗೆ ಒಂದೊಂದು ಪೈಪು ಕಡಿಮೆಯಾಗುತ್ತ ಹೋಗುತ್ತದೆ. ಕೆಳಗೆ 12, ಮೇಲೆ 7, ನಡುವೆ ಕ್ರಮವಾಗಿ 11, 10, 9, 8. ಒಟ್ಟು ಆರು ವರಸೆ. ಕೆಳಗಿನದನ್ನೂ ಮೇಲಿನದನ್ನೂ ಕೂಡಿ, ಅರ್ಧ ಮಾಡಿ, ವರಸೆಗಳಿಂದ ಗುಣಿಸಿದರೆ 57. ಆದರೆ ಎರಡೂ ಬದಿಗೆ ಗೂಟ ನೆಟ್ಟು ಪೇರಿಸಿದ್ದರೆ ರಾಶಿ ಇಳಿಜಾರಾಗದೆ ನೆಟ್ಟಗೆ ಏಳುತ್ತದೆ. ಆಗ ವರಸೆಗಳು 12, 11, 12, 11 ಎಂದು ಹೋಗುತ್ತವೆ, ಅದೇ ಆರು ವರಸೆಗೆ 69. ಬದಿ ಇಳಿಜಾರೋ ನೆಟ್ಟಗೋ ಎಂಬುದನ್ನು ಮೊದಲು ನೋಡದೆ ಸೂತ್ರ ಹಾಕಿದವನಿಗೆ 12 ಪೈಪು ಮಾಯವಾಗುತ್ತವೆ.

ಪೈಪಿನಲ್ಲಿ ಕಾಣದೆ ಉಳಿಯುವುದು ಬೇರೆ ಎರಡು ಕಡೆ. ಒಂದು, ದೊಡ್ಡ ಪೈಪಿನೊಳಗೆ ಸಣ್ಣ ಪೈಪು ತೂರಿಸಿ ಲಾರಿಯಲ್ಲಿ ತರುವುದು ಸಾಮಾನ್ಯ. ಬಾಯಿಯೊಳಗೆ ಇನ್ನೊಂದು ಬಳೆ ಕಾಣುತ್ತದೆಯೇ ಎಂದು ಫೋಟೊ ದೊಡ್ಡದು ಮಾಡಿ ನೋಡಬೇಕು. ಇನ್ನೊಂದು, ಒಂದು ರಾಶಿಯ ಬೆನ್ನಿಗೆ ಇನ್ನೊಂದು ರಾಶಿ ಒತ್ತಿ ನಿಂತಿರುವುದು. ತುದಿಯಿಂದ ನೋಡಿದರೆ ಎರಡೂ ಸೇರಿ ಒಂದೇ. 6 ಮೀಟರಿನ ಪೈಪಿನ ರಾಶಿ ಪಕ್ಕದಿಂದ 12 ಮೀಟರ್ ಉದ್ದ ಕಂಡರೆ ನಡುವೆ ಸೇರುವ ಗೆರೆ ಇರಲೇಬೇಕು. ಎಣಿಸಲು ತುದಿಯ ಫೋಟೊ, ಈ ಗೆರೆ ಹುಡುಕಲು ಪಕ್ಕದ ಫೋಟೊ, ಎರಡೂ ಬೇಕು.

ಬತ್ತಳಿಕೆಯ ಲೆಕ್ಕ

ಹೊರಗಿನದನ್ನು ಎಣಿಸಿ ಒಳಗಿನದನ್ನು ಹೇಳುವ ಈ ಕೆಲಸ ಫೋನು ಬಂದ ಮೇಲೆ ಹುಟ್ಟಿದ್ದಲ್ಲ. ಯಾದಗಿರಿಯ ನೆರೆಯ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿ ತನ್ನ ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850ರವನು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಿಂದ ಪ್ರಕಟಿಸಿದರು. ಇಟ್ಟಿಗೆಯನ್ನು ವರಸೆ ವರಸೆಯಾಗಿ ಪೇರಿಸಿದಾಗ ಎಷ್ಟಾಗುತ್ತವೆ ಎಂಬ ಲೆಕ್ಕ ಆ ಗ್ರಂಥದಲ್ಲಿದೆ. ಬತ್ತಳಿಕೆಯಲ್ಲಿ ಕಟ್ಟಿಟ್ಟ ಬಾಣಗಳ ಹೊರಸುತ್ತನ್ನು ಮಾತ್ರ ಎಣಿಸಿ ಒಟ್ಟು ಬಾಣಗಳನ್ನು ಹೇಳುವ ಸೂತ್ರವೂ ಇದೆ. ಬಾಣದ ಕಟ್ಟಿಗೂ ಪೈಪಿನ ಕಟ್ಟಿಗೂ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ.

ಸೂತ್ರ ಹೀಗಿದೆ. ಹೊರಸುತ್ತಿನ ಸಂಖ್ಯೆಗೆ 3 ಕೂಡಿಸಿ, ಬಂದದ್ದನ್ನು ವರ್ಗ ಮಾಡಿ, ಮತ್ತೆ 3 ಕೂಡಿಸಿ, 12ರಿಂದ ಭಾಗಿಸು. ಹೊರಗೆ 18 ಇವೆ ಎನ್ನಿ. 3 ಸೇರಿಸಿದರೆ 21. ವರ್ಗ 441. ಮತ್ತೆ 3 ಸೇರಿ 444. 12ರಿಂದ ಭಾಗಿಸಿದರೆ 37. ಇದು ಸರಿಯೇ ಎಂದು ಬಿಡಿಸಿಯೂ ನೋಡಬಹುದು. ಒಂದು ಪೈಪನ್ನು ನಡುವೆ ಇಟ್ಟರೆ ಅದರ ಸುತ್ತ ಸರಿಯಾಗಿ 6 ಹಿಡಿಯುತ್ತವೆ, ಅದರ ಸುತ್ತ 12, ಅದರ ಸುತ್ತ 18. ಒಂದೊಂದು ಸುತ್ತಿಗೂ 6 ಹೆಚ್ಚು. ಎಲ್ಲ ಕೂಡಿದರೆ 37. ಹೊರಗೆ ಕಂಡದ್ದು 18, ಒಳಗೆ ಅಡಗಿದ್ದು 19.

ಈ ಸೂತ್ರದ ಇನ್ನೊಂದು ಗುಣವೆಂದರೆ, ತಾನು ಸಲ್ಲದ ಜಾಗವನ್ನು ಅದು ತಾನೇ ತೋರಿಸಿಕೊಡುತ್ತದೆ. ಹೊರಗೆ 15 ಇದ್ದ ಕಟ್ಟನ್ನು ತೆಗೆದುಕೊಳ್ಳಿ. 18ರ ವರ್ಗ 324, 3 ಸೇರಿ 327, 12ರಿಂದ ಭಾಗಿಸಿದರೆ ಇಪ್ಪತ್ತೇಳೂಕಾಲು. ಕಾಲು ಪೈಪು ಎಂಬುದಿಲ್ಲ. ಉತ್ತರ ಪೂರ್ಣವಾಗಿ ಬರಲಿಲ್ಲ ಎಂದರೆ ನಡುವೆ ಒಂಟಿ ಪೈಪು ಇಲ್ಲ ಎಂದು ಅರ್ಥ. ಇಲ್ಲಿ ನಡುವೆ ಇರುವುದು ಒಂದಕ್ಕೊಂದು ತಾಗಿದ ಮೂರು, ಅದರ ಸುತ್ತ 9, ಅದರ ಸುತ್ತ 15. ಒಟ್ಟು 27. ಆದರೆ ಉತ್ತರ ಪೂರ್ಣವಾಗಿ ಬಂದ ಮಾತ್ರಕ್ಕೆ ಕಟ್ಟಿನ ಒಳಗೆ ಯಾವುದೂ ತಪ್ಪಿಹೋಗಿಲ್ಲ ಎಂದು ಹೇಳಲಾಗದು. ಸುತ್ತುಗಳೆಲ್ಲ ತುಂಬಿವೆ ಎಂದು ಒಪ್ಪಿಕೊಂಡ ಮೇಲೆ ಹಾಕುವ ಲೆಕ್ಕ ಅದು.

ಮಹಾವೀರನ ಬಾಣಕ್ಕೂ ಇಂದಿನ ಇಟ್ಟಂಗಿಗೂ ಇರುವ ಕಟ್ಟು ಇದೊಂದೇ. ಕಾಣದ ಭಾಗವೂ ಕಾಣುವ ಭಾಗದ ಕ್ರಮದಲ್ಲೇ ಇದೆ ಎಂದು ಮೊದಲು ಒಪ್ಪಿಕೊಳ್ಳುತ್ತೇವೆ, ಆಮೇಲೆ ಗುಣಿಸುತ್ತೇವೆ. ಗುಣಾಕಾರ ತಪ್ಪುವುದು ಅಪರೂಪ. ತಪ್ಪುವುದು ಒಪ್ಪಿಕೊಂಡದ್ದರಲ್ಲಿ.

ಆದ್ದರಿಂದ ಮಗ ಅಪ್ಪನಿಗೆ ತಿರುಗಿ ಫೋನು ಮಾಡಿ ಹೇಳಬೇಕಾದದ್ದು ಇಷ್ಟು: ‘ಅಪ್ಪಾ, ನಡಕ ಮ್ಯಾಲಿನ ಹತ್ತ ಇಟ್ಟಂಗಿ ತಗದು ಒಳಗಿಂದು ಒಂದ ಫೋಟೊ ಹೊಡಿ. ಅದು ಬಂದ ಮ್ಯಾಲ ರೊಕ್ಕ ಹಾಕ್ತೀನಿ.’ ಹತ್ತು ಇಟ್ಟಂಗಿ ಎತ್ತಿ ಮತ್ತೆ ಇಡಲು ಹತ್ತು ನಿಮಿಷ ಸಾಕು. ಟ್ರ್ಯಾಕ್ಟರಿನವನು ಅಲ್ಲೇ ನಿಂತಿರುವಾಗಲೇ ಆ ಕೆಲಸ ಆಗಬೇಕು. ಮೊದಲ ಗೋಡೆ ಎದ್ದು ಅಟ್ಟಿ ಒಡೆದ ಮೇಲೆ ಎಣಿಸಿ ತೋರಿಸಲು ಯಾವ ಸಾಕ್ಷಿಯೂ ಉಳಿದಿರುವುದಿಲ್ಲ.